ಉಚಿತ ತಂತ್ರಾಂಶ ಶಾಲೆಗೆ ಎಷ್ಟಕ್ಕೆ ಬೀಳುತ್ತದೆ?

ಮೇ ಕೊನೆಗೆ ಶಾಲೆಯ ಬೀಗ ತೆಗೆಯುವ ಹೊತ್ತಿಗೆ ಹೆಡ್‌ಮಾಸ್ಟರ ಮೇಜಿನ ಮೇಲೆ ಬಣ್ಣಬಣ್ಣದ ಕೈಪಿಡಿಗಳು ಬಂದು ಕೂತಿರುತ್ತವೆ. ಗಣಿತ ಕಲಿಸುವ ಆ್ಯಪ್, ವಿಜ್ಞಾನದ ವಿಡಿಯೊ, ಇಂಗ್ಲಿಷ್ ಮಾತಾಡಿಸುವ ಪ್ಯಾಕೇಜು. ಒಂದು ದಿನ ಮಾರುವವರೇ ಬಂದು ಪ್ರೊಜೆಕ್ಟರ್ ಹಚ್ಚಿ ತೋರಿಸುತ್ತಾರೆ. ಎಲ್ಲವೂ ಚೆಂದ ಕಾಣುತ್ತದೆ. ಆಮೇಲೆ ಎಸ್‌ಡಿಎಂಸಿ ಸಭೆಯಲ್ಲಿ ಚರ್ಚೆಯಾಗುವುದು ಒಂದೇ ಸಂಗತಿ: ರೇಟು ಎಷ್ಟು, ಇನ್ನೂ ಸ್ವಲ್ಪ ಇಳಿಸುತ್ತಾರಾ? ದಾನಿಗಳು ಸಿಕ್ಕರೆ ಅದೂ ಬೇಡ, ಒಂದು ಫೋಟೊ, ಒಂದು ಹಾರ, ಉದ್ಘಾಟನೆ. ಮಾರನೆಯ ವರ್ಷ ಆ ತಂತ್ರಾಂಶ ಯಾವ ಕಂಪ್ಯೂಟರಿನಲ್ಲಿತ್ತು ಎಂದು ಹುಡುಕಬೇಕು.

ಇದನ್ನು ತಪ್ಪಿಸಲು ದೊಡ್ಡ ತಜ್ಞರೇನೂ ಬೇಕಿಲ್ಲ. ಎರಡು ಪುಟದ ಒಂದು ನಿರ್ಣಯ ಟಿಪ್ಪಣಿ ಸಾಕು. ಯಾವ ಸಮಸ್ಯೆಗೆ ಈ ತಂತ್ರಾಂಶ, ಮೂರು ವರ್ಷಕ್ಕೆ ಒಟ್ಟು ಎಷ್ಟು ಖರ್ಚು, ನಮ್ಮ ಪಾಠಕ್ಕೂ ವೇಳಾಪಟ್ಟಿಗೂ ಹೊಂದುತ್ತದೆಯೆ, ಕಲಿಸುವವರು ಸಿದ್ಧರಿದ್ದಾರೆಯೆ, ಕೊನೆಗೆ ಶಿಫಾರಸು ಏನು ಎಂಬುದನ್ನು ಬರೆದು ಸಹಿ ಮಾಡಿ ಕಡತಕ್ಕೆ ಹಾಕುವ ಕಾಗದ ಅದು. ಬರೆಯುವುದು ಸುಲಭವೆಂದು ತೋರುತ್ತದೆ. ಆದರೆ ಎಡವುವ ಜಾಗಗಳು ಅದರಲ್ಲಿ ಎರಡು ಮೂರಿವೆ. ಅವನ್ನು ಒಂದು ನಿಜವಾದ ತಂತ್ರಾಂಶವನ್ನೇ ಇಟ್ಟುಕೊಂಡು ನೋಡುವುದು ವಾಸಿ.

ಆ ತಂತ್ರಾಂಶ ಜಿಯೋಜಿಬ್ರಾ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು 2001–02ರ ಸುಮಾರಿಗೆ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ್ದು ಇದು. ಒಂದೇ ಪರದೆಯಲ್ಲಿ ಒಂದು ಕಡೆ ಸಮೀಕರಣ, ಇನ್ನೊಂದು ಕಡೆ ಅದರ ಚಿತ್ರ. ಸಮೀಕರಣ ಬದಲಿಸಿದರೆ ಚಿತ್ರ ಬದಲಾಗುತ್ತದೆ, ಚಿತ್ರವನ್ನು ಎಳೆದರೆ ಸಮೀಕರಣ ಬದಲಾಗುತ್ತದೆ. ವಾಣಿಜ್ಯ ಉದ್ದೇಶವಿಲ್ಲದ ಬಳಕೆಗೆ ಉಚಿತ. ನಮ್ಮ ಪಕ್ಕದ ಕೇರಳದ ಶಾಲೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ, ಕರ್ನಾಟಕದ ಪ್ರೌಢಶಾಲಾ ಗಣಿತ ಶಿಕ್ಷಕರಲ್ಲೂ ಅನೇಕರಿಗೆ ಪರಿಚಿತ.

ಲೆಕ್ಕ ಕೈಗೆ ಸಿಗಲೆಂದು ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಹೋಬಳಿ ಮಟ್ಟದ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆ. ಎಂಟರಿಂದ ಹತ್ತರವರೆಗೆ ತಲಾ ಎರಡು ವಿಭಾಗ, ವಿಭಾಗಕ್ಕೆ 35ರಂತೆ ಒಟ್ಟು 210 ಮಕ್ಕಳು. ಗಣಿತಕ್ಕೆ ಇಬ್ಬರು ಶಿಕ್ಷಕರು. ಲ್ಯಾಬಿನಲ್ಲಿ 12 ಕಂಪ್ಯೂಟರು, ಅವುಗಳಲ್ಲಿ ಚಾಲೂ ಆಗುವುದು ಒಂಬತ್ತು. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ. ಪ್ರೊಜೆಕ್ಟರ್ ಒಂದಿದೆ, ಬಲ್ಬ್ ಮಂಕಾಗಿದೆ. ಮೇಜಿನ ಮೇಲಿರುವ ಪ್ರಸ್ತಾವಗಳು ಎರಡು: ಒಂದು ಜಿಯೋಜಿಬ್ರಾ, ಇನ್ನೊಂದು ಯಾವುದೋ ಖಾಸಗಿ ಕಂಪನಿಯ ಗಣಿತದ ಆ್ಯಪ್, ಮಗುವೊಂದಕ್ಕೆ ವರ್ಷಕ್ಕೆ 500 ರೂಪಾಯಿ.

ಟಿಪ್ಪಣಿಯ ಮೊದಲ ಸಾಲಿನಲ್ಲಿ ತಂತ್ರಾಂಶದ ಹೆಸರು ಬರಕೂಡದು. ಅಲ್ಲಿ ಬರಬೇಕಾದ್ದು ಮಕ್ಕಳು ಎಲ್ಲಿ ತೊಡರುತ್ತಿದ್ದಾರೆ ಎಂಬ ಮಾತು. "ಡಿಜಿಟಲ್ ಕಲಿಕೆಯನ್ನು ಉತ್ತೇಜಿಸಲು" ಎಂದು ಆರಂಭವಾಗುವ ಟಿಪ್ಪಣಿ ಯಾವ ತಂತ್ರಾಂಶಕ್ಕಾದರೂ ಹೊಂದುತ್ತದೆ, ಆದ್ದರಿಂದ ಯಾವುದನ್ನೂ ಅಳೆಯುವುದಿಲ್ಲ. ನಮ್ಮ ಶಾಲೆಯ ಇಬ್ಬರು ಶಿಕ್ಷಕರು ಕಳೆದ ವರ್ಷದ ಉತ್ತರ ಪತ್ರಿಕೆಗಳನ್ನು ತಿರುವಿ ಹಾಕಿ ಹೀಗೆ ಬರೆಯುತ್ತಾರೆ ಎಂದಿಟ್ಟುಕೊಳ್ಳಿ: ಮಕ್ಕಳು ಎರಡು ಚರಾಕ್ಷರಗಳ ಸಮೀಕರಣಗಳನ್ನು ಬಿಡಿಸುತ್ತಾರೆ, ಆದರೆ ನಕ್ಷೆ ಎಳೆಯಲು ಹೇಳಿದರೆ ಬಿಟ್ಟುಬಿಡುತ್ತಾರೆ, ಪ್ರಮೇಯವನ್ನು ಬಾಯಿಪಾಠ ಒಪ್ಪಿಸುತ್ತಾರೆ, ಚಿತ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಗುರುತಿಸುವುದಿಲ್ಲ. ಈಗ ಅಳತೆಗೋಲು ಸಿಕ್ಕಿತು.

ಇನ್ನು ಖರ್ಚು. ಜಿಯೋಜಿಬ್ರಾದ ಎದುರಿಗೆ ಸೊನ್ನೆ ಬರೆದು ಮುಗಿಸುವುದೇ ರೂಢಿ. ತಂತ್ರಾಂಶ ಉಚಿತ ನಿಜ, ಅದು ಓಡುವ ಯಂತ್ರ ಉಚಿತವಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಲು 30,000. ಒಂಬತ್ತು ಹಳೆಯ ಕಂಪ್ಯೂಟರುಗಳಿಗೆ ಎಸ್‌ಎಸ್‌ಡಿ ಮತ್ತು ಸ್ವಲ್ಪ ರ್‍ಯಾಮ್ ಸೇರಿಸಲು ತಲಾ 3,500ರಂತೆ 31,500. ಪ್ರೊಜೆಕ್ಟರಿನ ಬಲ್ಬಿಗೆ 8,000. ಶಿಕ್ಷಕರಿಬ್ಬರ ತರಬೇತಿಯ ಪ್ರಯಾಣ, ಕಲಿಸಲು ಬರುವವರ ಗೌರವಧನ ಎಂದು 6,000. ಕೇಬಲ್, ಪ್ಲಗ್ಗು, ಹಾಳೆಗಳ ಜೆರಾಕ್ಸ್‌ಗೆ 4,500. ವರ್ಷಕ್ಕೆ ರಿಪೇರಿಗೆ 10,000. ಬೆಲೆಗಳು ಊರಿನಿಂದ ಊರಿಗೆ ಹೆಚ್ಚುಕಡಿಮೆಯಾಗುತ್ತವೆ, ಬಾಬ್ತುಗಳು ಮಾತ್ರ ಇವೇ. ಮೊದಲ ವರ್ಷಕ್ಕೆ 90,000, ಮುಂದಿನ ಎರಡು ವರ್ಷಕ್ಕೆ ಹತ್ತು ಹತ್ತು ಸಾವಿರ, ಒಟ್ಟು 1,10,000 ರೂಪಾಯಿ. 210 ಮಕ್ಕಳು, ಮೂರು ವರ್ಷ: ಮಗುವೊಂದಕ್ಕೆ ವರ್ಷಕ್ಕೆ ಸುಮಾರು 175 ರೂಪಾಯಿ. "ಉಚಿತ" ತಂತ್ರಾಂಶದ ನಿಜವಾದ ದರ ಅದು.

ಆ್ಯಪ್‌ನ ಕಡೆ ನೋಡಿದರೆ ಚಂದಾ ಒಂದೇ ಮೂರು ವರ್ಷಕ್ಕೆ 3,15,000. ಅದರ ಮೇಲೆ ಬ್ಯಾಟರಿ, ಎಸ್‌ಎಸ್‌ಡಿ, ರಿಪೇರಿ ಇಲ್ಲಿಯೂ ತಪ್ಪುವುದಿಲ್ಲ: 91,500. ಆ್ಯಪ್ ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲವಾದ್ದರಿಂದ ತಿಂಗಳಿಗೆ ಸಾವಿರದಂತೆ 36,000. ಒಟ್ಟು 4,42,500, ಅಂದರೆ ಮಗುವಿಗೆ ವರ್ಷಕ್ಕೆ ಸುಮಾರು 700. ಕೊಟೇಶನ್ನಿನಲ್ಲಿ ಬರೆದಿದ್ದು 500, ಶಾಲೆಗೆ ಬಿದ್ದದ್ದು 700. ಮಾರುವವರು ಸುಳ್ಳು ಹೇಳಿಲ್ಲ, ತಮ್ಮ ಪಾಲಿನದನ್ನಷ್ಟೇ ಹೇಳಿದ್ದಾರೆ. ಉಳಿದದ್ದನ್ನು ಕೂಡಿಸುವ ಕೆಲಸ ಟಿಪ್ಪಣಿ ಬರೆಯುವವರದು.

ಹಾಗೆಂದು ಆ್ಯಪ್ ದುಬಾರಿ, ಆದ್ದರಿಂದ ಕೆಟ್ಟದ್ದು ಎಂದು ಬರೆದರೆ ಅನ್ಯಾಯ. ಜಿಯೋಜಿಬ್ರಾ ತಾನಾಗಿ ಮಕ್ಕಳಿಗೆ ದಿನದಿನವೂ ಲೆಕ್ಕ ಕೊಟ್ಟು, ತಿದ್ದಿ, ಯಾರು ಎಲ್ಲಿ ಹಿಂದೆ ಬಿದ್ದಿದ್ದಾರೆಂದು ಪಟ್ಟಿ ಒಪ್ಪಿಸುವ ಜಾತಿಯದಲ್ಲ. ಒಳ್ಳೆಯ ಆ್ಯಪ್ ಆ ಕೆಲಸ ಮಾಡುತ್ತದೆ. ನಮ್ಮ ಶಾಲೆಯ ಸಮಸ್ಯೆ ಅಭ್ಯಾಸದ ಕೊರತೆಯಾಗಿದ್ದರೆ 700 ರೂಪಾಯಿ ಕೊಡುವುದೇ ಸರಿಯಿರಬಹುದು. ಇಲ್ಲಿನ ಸಮಸ್ಯೆ ನಕ್ಷೆ ಮತ್ತು ಆಕೃತಿ. ಮೊದಲ ಸಾಲನ್ನು ಸ್ಪಷ್ಟವಾಗಿ ಬರೆದದ್ದು ಈ ಜಾಗದಲ್ಲಿ ಉಪಯೋಗಕ್ಕೆ ಬರುತ್ತದೆ.

ಖರ್ಚಿನ ಭಾಗದಲ್ಲಿ ಇನ್ನೊಂದು ಬಾಬ್ತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಅದು ಕೈಬಿಡುವ ಖರ್ಚು. ನಾಳೆ ಈ ತಂತ್ರಾಂಶದ ಒಡೆತನ ಬದಲಾದರೆ ಅಥವಾ ಕಂಪನಿ ಮುಚ್ಚಿದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಇದು ಸುಮ್ಮನೆ ಹೆದರಿಸುವ ಮಾತಲ್ಲ. 2021ರ ಡಿಸೆಂಬರಿನಲ್ಲಿ ಜಿಯೋಜಿಬ್ರಾವನ್ನು ಕೊಂಡದ್ದು ನಮ್ಮ ಬೆಂಗಳೂರಿನ ಬೈಜೂಸ್. 2024ರ ಜುಲೈನಲ್ಲಿ ಅದೇ ಬೈಜೂಸ್‌ನ ಮಾತೃಸಂಸ್ಥೆಯ ವಿರುದ್ಧ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಜಿಯೋಜಿಬ್ರಾ ಇವತ್ತು ಉಚಿತ ಎಂಬುದು ನಿಜ, ಎಂದೆಂದಿಗೂ ಹಾಗೇ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಒಂದು ಸಮಾಧಾನವಿದೆ. `GeoGebra Classic 5` ಎಂಬ ಆವೃತ್ತಿಯನ್ನು ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಟ್ಟರೆ ಇಂಟರ್‌ನೆಟ್ ಇಲ್ಲದೆಯೂ ಯಾವ ಕಂಪ್ಯೂಟರಿಗಾದರೂ ಹಾಕಬಹುದು. ಶಿಕ್ಷಕರು ಮಾಡಿದ `.ggb` ಕಡತಗಳು ಶಾಲೆಯಲ್ಲೇ ಉಳಿಯುತ್ತವೆ. ಮಕ್ಕಳ ಹೆಸರು, ಫೋನ್ ನಂಬರು ಕೊಟ್ಟು ಖಾತೆ ತೆರೆಯುವ ಪ್ರಮೇಯವೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಕಣ್ಣಿಗೆ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಆ್ಯಪ್‌ನ ಕಂಪನಿಯನ್ನು ಈ ಬಗ್ಗೆ ಬರವಣಿಗೆಯಲ್ಲಿ ಕೇಳಬೇಕು. ಜೊತೆಗೆ, ಚಂದಾ ನಿಲ್ಲಿಸಿದ ದಿನ ಮಕ್ಕಳ ಅಂಕಗಳ ದಾಖಲೆ ನಮಗೆ ಸಿಗುತ್ತದೆಯೆ ಎಂದೂ ಕೇಳಬೇಕು.

ಈಗ ಹೊಂದಿಕೆ. ಇದನ್ನು ಅಳೆಯಲು ಪಠ್ಯಪುಸ್ತಕದ ಪರಿವಿಡಿ ಹಿಡಿದು ಕೂರುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹತ್ತನೆಯ ತರಗತಿಯ ತ್ರಿಭುಜಗಳು, ವೃತ್ತಗಳು, ನಿರ್ದೇಶಾಂಕ ರೇಖಾಗಣಿತ, ರೇಖಾತ್ಮಕ ಸಮೀಕರಣಗಳ ಜೋಡಿ, ಬಹುಪದೋಕ್ತಿಗಳ ಶೂನ್ಯತೆಗಳು, ಇವಿಷ್ಟಕ್ಕೆ ಜಿಯೋಜಿಬ್ರಾ ಹೇಳಿ ಮಾಡಿಸಿದ ಹಾಗಿದೆ. ವಾಸ್ತವ ಸಂಖ್ಯೆಗಳಿಗೆ, ಸಮಾಂತರ ಶ್ರೇಢಿಗೆ ಕಪ್ಪುಹಲಗೆಯೇ ಸಾಕು. ಅಲ್ಲಿ ತಂತ್ರಾಂಶ ತಂದರೆ ಅವಧಿ ದಂಡ. ಹೀಗೆ ಅಧ್ಯಾಯಗಳನ್ನು ಹೆಸರಿಸಿ ಬರೆದ ಟಿಪ್ಪಣಿಗೂ "ಗಣಿತಕ್ಕೆ ಉಪಯುಕ್ತ" ಎಂದು ಬರೆದ ಟಿಪ್ಪಣಿಗೂ ಅಜಗಜಾಂತರ.

ಒಂದು ಅಧ್ಯಾಯವನ್ನು ಹತ್ತಿರದಿಂದ ನೋಡೋಣ. ಸಮೀಕರಣಗಳ ಜೋಡಿಗೆ ಒಂದೇ ಪರಿಹಾರ ಯಾವಾಗ, ಅಪರಿಮಿತ ಪರಿಹಾರಗಳು ಯಾವಾಗ, ಪರಿಹಾರವೇ ಇಲ್ಲದಿರುವುದು ಯಾವಾಗ ಎಂಬುದನ್ನು ಮಕ್ಕಳು ಸಹಗುಣಕಗಳ ಅನುಪಾತದ ಕೋಷ್ಟಕವಾಗಿ ಉರುಹೊಡೆಯುತ್ತಾರೆ. ಜಿಯೋಜಿಬ್ರಾದ ಬರೆಯುವ ಪಟ್ಟಿಯಲ್ಲಿ ಮೂರು ಸಾಲು ಹಾಕಿದರೆ ಸಾಕು:

```
c = 4
x + y = 5
2x + 2y = c
```

ಪರದೆಯ ಮೇಲೆ ಎರಡು ಸಮಾಂತರ ರೇಖೆಗಳು ಕಾಣುತ್ತವೆ. `c` ಬೆಲೆಯನ್ನು ಜಾರುಪಟ್ಟಿಯಾಗಿಸಿ, ಗರಿಷ್ಠ ಬೆಲೆಯನ್ನು ಹತ್ತರ ಮೇಲಕ್ಕೆ ಇಟ್ಟು ಮೆಲ್ಲಗೆ ಎಳೆದರೆ ಒಂದು ರೇಖೆ ಇನ್ನೊಂದರ ಕಡೆಗೆ ಸರಿಯುತ್ತಾ ಬರುತ್ತದೆ. ಬೆಲೆ 10ಕ್ಕೆ ಬಂದಾಗ ಒಂದರ ಮೇಲೊಂದು ಕೂತು ಎರಡು ರೇಖೆ ಒಂದೇ ಆಗಿ ಕಾಣುತ್ತವೆ, ದಾಟಿದೊಡನೆ ಮತ್ತೆ ಬೇರೆ. ಆಮೇಲೆ ಎರಡನೆಯ ಸಮೀಕರಣದ `2y` ಅನ್ನು `3y` ಮಾಡಿದರೆ ರೇಖೆ ಓರೆಯಾಗಿ ಮೊದಲನೆಯದನ್ನು ಕತ್ತರಿಸುತ್ತದೆ. ಇನ್ನು `c` ಎಷ್ಟೇ ಇರಲಿ, ಛೇದಿಸುವ ಬಿಂದು ಒಂದೇ ಒಂದು. ಕೋಷ್ಟಕದಲ್ಲಿದ್ದ ಮೂರು ಸಾಲುಗಳು ಇಪ್ಪತ್ತು ನಿಮಿಷದಲ್ಲಿ ಕಣ್ಣೆದುರು ನಡೆದುಹೋಗುತ್ತವೆ. ಇದನ್ನೇ ಗ್ರಾಫ್ ಹಾಳೆಯಲ್ಲಿ ಎಳೆದು ತೋರಿಸಲು ಮೂರು ಅವಧಿ ಬೇಕು. ಗ್ರಾಫ್ ಹಾಳೆಯನ್ನು ಬಿಡಬೇಕೆಂದಲ್ಲ, ಪರೀಕ್ಷೆಯಲ್ಲಿ ಮಕ್ಕಳು ಎಳೆಯಬೇಕಾದ್ದು ಅದರ ಮೇಲೆಯೇ.

ಟಿಪ್ಪಣಿಯಲ್ಲಿ ಮಿತಿಗಳೂ ಇರಬೇಕು. ಥೇಲ್ಸನ ಪ್ರಮೇಯ ತೋರಿಸುವಾಗ ಶಿಕ್ಷಕರು ತ್ರಿಭುಜದ ಒಂದು ಬಾಹುವಿಗೆ ಸಮಾಂತರ ರೇಖೆ ಎಳೆದು ಉಳಿದೆರಡು ಬಾಹುಗಳ ಭಾಗಗಳನ್ನು ಅಳೆಯಿಸುತ್ತಾರೆ. ಜಿಯೋಜಿಬ್ರಾ ಮೊದಲಿಗೆ ಎರಡೇ ದಶಮಾಂಶ ಸ್ಥಾನ ತೋರಿಸುತ್ತದೆ. ಮಕ್ಕಳು ಆ ಅಳತೆಗಳನ್ನು ಬರೆದುಕೊಂಡು ಭಾಗಿಸಿದರೆ ಒಂದು ಕಡೆ 1.33, ಇನ್ನೊಂದು ಕಡೆ 1.34 ಬಂದೀತು. "ಸರ್, ಸಮ ಬರ್ತಿಲ್ಲ" ಎಂದು ಹಿಂದಿನ ಬೆಂಚಿನಿಂದ ದನಿ ಬಂದಾಗ ಅದು ಪ್ರಮೇಯದ ತಪ್ಪಲ್ಲ, ಅಂಕಿ ಸುತ್ತುಗೂಡಿಸಿದ್ದರ ಫಲ ಎಂದು ಶಿಕ್ಷಕರಿಗೆ ಹೊಳೆಯಬೇಕು. `Options` ಒಳಗಿನ `Rounding` ಬದಲಿಸಲು ಗೊತ್ತಿರಬೇಕು. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಎಳೆದಾಗಲೆಲ್ಲ ಅನುಪಾತ ಸಮನಾಗಿ ಬರುವುದನ್ನು ನೋಡಿದ ಮಗು ಪ್ರಮೇಯ ಸಾಧಿಸಿಯಾಯಿತು ಎಂದುಕೊಳ್ಳುತ್ತದೆ. ಎಸ್‌ಎಸ್‌ಎಲ್‌ಸಿ ಪತ್ರಿಕೆ ಕೇಳುವುದು ಸಾಧನೆಯ ಹಂತಗಳನ್ನು. ಕಂಡದ್ದನ್ನು ಸಾಧನೆಗೆ ಜೋಡಿಸುವ ಕೆಲಸ ಯಾವ ತಂತ್ರಾಂಶವೂ ಮಾಡುವುದಿಲ್ಲ.

ಹೊಂದಿಕೆಯ ಇನ್ನೊಂದು ಮುಖ ವೇಳಾಪಟ್ಟಿ. 40 ನಿಮಿಷದ ಅವಧಿಯಲ್ಲಿ ಮಕ್ಕಳು ಲ್ಯಾಬಿಗೆ ನಡೆದು ಬರಲು ಐದು ನಿಮಿಷ, ಯಂತ್ರಗಳು ಏಳಲು ಐದು ನಿಮಿಷ, ಮುಚ್ಚಿ ಹೊರಡಲು ಐದು ನಿಮಿಷ. ಉಳಿದದ್ದು 25. ಒಂಬತ್ತು ಕಂಪ್ಯೂಟರಿಗೆ 35 ಮಕ್ಕಳೆಂದರೆ ಒಂದಕ್ಕೆ ನಾಲ್ವರು, ತಲೆಗೆ ಆರು ನಿಮಿಷ. ಅದೂ ಮೌಸ್ ಹಿಡಿದ ಜಾಣ ಬಿಟ್ಟುಕೊಟ್ಟರೆ. ಇದಕ್ಕಿಂತ ಪ್ರೊಜೆಕ್ಟರನ್ನೇ ತರಗತಿಗೆ ಒಯ್ದು, ಶಿಕ್ಷಕರು ಒಂದು ಯಂತ್ರದಲ್ಲಿ ತೋರಿಸಿ, "ಈಗ ಎಳೆದರೆ ಏನಾಗುತ್ತೆ, ಮೊದಲು ನೋಟ್‌ಬುಕ್ಕಿನಲ್ಲಿ ಬರೀರಿ" ಎಂದು ಕೇಳುವುದು ಮೇಲು. ನನ್ನ ಮಟ್ಟಿಗೆ ನಮ್ಮ ಬಹುಪಾಲು ಶಾಲೆಗಳಿಗೆ ಹೊಂದುವುದು ಈ ಕ್ರಮವೇ. ಲ್ಯಾಬು ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ, ಅರ್ಧರ್ಧ ತರಗತಿಗೆ ಇರಲಿ.

ಯಾವ ಪಾಠದ ಜಾಗದಲ್ಲಿ ತಂತ್ರಾಂಶ ಕೂರುತ್ತದೆ ಎಂಬ ಪ್ರಶ್ನೆ ಏಕೆ ಮುಖ್ಯವೆಂಬುದಕ್ಕೆ ಗುಜರಾತಿನ ಒಂದು ಅಧ್ಯಯನ ಸಾಕ್ಷಿ. ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ಅಲ್ಲಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ಕಂಪ್ಯೂಟರಿನ ಮೂಲಕ ಗಣಿತ ಕಲಿಸುವ ಕಾರ್ಯಕ್ರಮವನ್ನು ಎರಡು ರೀತಿಯಲ್ಲಿ ಪರೀಕ್ಷಿಸಿದರು. ಫಲಿತಾಂಶ 2008ರಲ್ಲಿ ಹೊರಬಂತು. ಶಾಲೆಯ ಅವಧಿಯಲ್ಲೇ, ಶಿಕ್ಷಕರ ಪಾಠದ ಬದಲಿಗೆ ಕಂಪ್ಯೂಟರಿನ ಮುಂದೆ ಕೂರಿಸಿದ ಮಕ್ಕಳು ಕಂಪ್ಯೂಟರೇ ಇಲ್ಲದ ಮಕ್ಕಳಿಗಿಂತ ಹಿಂದೆ ಬಿದ್ದರು. ಶಾಲೆಯ ಪಾಠದ ಜೊತೆಗೆ, ಹೊರಗಿನ ಹೊತ್ತಿನಲ್ಲಿ ಅದೇ ಕಾರ್ಯಕ್ರಮವನ್ನು ಬಳಸಿದ ಮಕ್ಕಳು ಮುಂದೆ ಬಂದರು. ತಂತ್ರಾಂಶ ಒಂದೇ, ಫಲ ಎರಡು. ಆದ್ದರಿಂದ ಟಿಪ್ಪಣಿಯಲ್ಲಿ "ವಾರಕ್ಕೆ ಎರಡು ಅವಧಿ" ಎಂದು ಬರೆದರೆ ಸಾಲದು. ಯಾವುದನ್ನು ತೆಗೆದು ಆ ಎರಡು ಅವಧಿ ಎಂದೂ ಬರೆಯಬೇಕು.

ಇನ್ನು ಉಳಿದದ್ದು ಶಿಕ್ಷಕರ ಸಿದ್ಧತೆ. ಟಿಪ್ಪಣಿಗಳಲ್ಲಿ ಅತಿ ತೆಳುವಾಗಿರುವ ಭಾಗ ಇದೇ. "ಶಿಕ್ಷಕರು ತರಬೇತಿ ಹೊಂದಿರುತ್ತಾರೆ" ಎಂದು ಒಂದು ಸಾಲು, ಪಕ್ಕದಲ್ಲಿ ಪ್ರಮಾಣಪತ್ರದ ಜೆರಾಕ್ಸ್. ಕರ್ನಾಟಕ ಇದರಲ್ಲಿ ಪೆಟ್ಟು ತಿಂದಿದೆ, ಪಾಠವನ್ನೂ ಕಲಿತಿದೆ. 2001ರ ಹೊತ್ತಿಗೆ ಬಂದ ಮಾಹಿತಿ ಸಿಂಧು ಯೋಜನೆ, ಅದರ ನಂತರದ ಲ್ಯಾಬ್ ಯೋಜನೆಗಳಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಬಹುಮಟ್ಟಿಗೆ ಗುತ್ತಿಗೆ ಕಂಪನಿಗಳ ಬೋಧಕರ ಪಾಲಿಗಿತ್ತು. ಗಣಿತ ಮೇಷ್ಟ್ರಿಗೂ ಆ ಕೊಠಡಿಗೂ ನಂಟು ಬೆಳೆಯಲಿಲ್ಲ, ಗುತ್ತಿಗೆ ಮುಗಿದ ಮೇಲೆ ಬೀಗ ಬಿತ್ತು. 2011ರಲ್ಲಿ ರಾಜ್ಯದ ಡಿಎಸ್‌ಇಆರ್‌ಟಿ, ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆ ಶುರುಮಾಡಿದಾಗ ಕ್ರಮವನ್ನು ತಿರುವು ಹಾಕಿತು: ಗಣಿತ, ವಿಜ್ಞಾನ, ಸಮಾಜ ಕಲಿಸುವವರೇ ಕಂಪ್ಯೂಟರಿನ ಮುಂದೆ ಕೂತರು, ಗಣಿತದವರು ಜಿಯೋಜಿಬ್ರಾ ಕಲಿತರು, ಇಮೇಲ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಕಡತ ಕಳಿಸಿಕೊಂಡರು. ಅಲ್ಲಿಂದ ಹುಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದ ಪಾಠ ಸಾಮಗ್ರಿ ಈಗಲೂ ಸಿಗುತ್ತದೆ.

ಸಿದ್ಧತೆಯನ್ನು ಅಳೆಯಲು ಪ್ರಮಾಣಪತ್ರಕ್ಕಿಂತ ಹತ್ತು ನಿಮಿಷದ ಒಂದು ಪರೀಕ್ಷೆ ವಾಸಿ. ಶಿಕ್ಷಕರನ್ನು ಜಿಯೋಜಿಬ್ರಾದ ಮುಂದೆ ಕೂರಿಸಿ ಒಂದು ಲಂಬಕೋನ ತ್ರಿಭುಜ ಮಾಡಲು ಹೇಳಿ. ಮಾಡಿದ ಮೇಲೆ ಒಂದು ಶೃಂಗವನ್ನು ಹಿಡಿದು ಎಳೆಯಲು ಹೇಳಿ. ಕಣ್ಣಂದಾಜಿನಲ್ಲಿ ಮೂರು ಬಿಂದು ಇಟ್ಟು ಜೋಡಿಸಿದ್ದರೆ, ಎಳೆದೊಡನೆ 90 ಡಿಗ್ರಿ ಇದ್ದದ್ದು 83 ಆಗುತ್ತದೆ, ತ್ರಿಭುಜದ ಲಂಬಕೋನ ಹೋಯಿತು. ಅದೇ ಮೊದಲು AB ರೇಖಾಖಂಡ ಎಳೆದು, `Perpendicular Line` ಉಪಕರಣದಿಂದ B ಮೂಲಕ ಲಂಬ ಎಳೆದು, ಆ ಲಂಬದ ಮೇಲೆಯೇ C ಬಿಂದು ಇಟ್ಟು ಜೋಡಿಸಿದ್ದರೆ ಹೇಗೆ ಎಳೆದರೂ ಲಂಬಕೋನ ಕದಲುವುದಿಲ್ಲ. ಮೊದಲನೆಯವರಿಗೆ ತಂತ್ರಾಂಶ ಇನ್ನೂ ಚಿತ್ರ ಬರೆಯುವ ಹಲಗೆ. ಎರಡನೆಯವರು ಅದರೊಳಗೆ ಗಣಿತ ಮಾಡುತ್ತಿದ್ದಾರೆ. ತರಗತಿಗೆ ಒಯ್ಯಲು ಸಿದ್ಧರಿರುವುದು ಎರಡನೆಯವರು. ಇದರ ಜೊತೆಗೆ ಇನ್ನೆರಡು ಪ್ರಶ್ನೆ ಸಾಕು: ಬೇರೆಯವರು ಮಾಡಿದ ಕಡತವನ್ನು ತಮ್ಮ ಪಾಠಕ್ಕೆ ತಕ್ಕಂತೆ ತಿದ್ದಬಲ್ಲರೆ? ಕರೆಂಟು ಹೋದರೆ ಅದೇ ಪಾಠವನ್ನು ಹಲಗೆಯ ಮೇಲೆ ಮುಂದುವರಿಸುವ ಏರ್ಪಾಡು ಇದೆಯೆ?

ನಮ್ಮ ಶಾಲೆಯ ಇಬ್ಬರಲ್ಲಿ ಮೇಡಂ ಒಬ್ಬರು ಈ ಪರೀಕ್ಷೆ ದಾಟಿದರು, ಸರ್ ದಾಟಲಿಲ್ಲ ಎಂದಿಟ್ಟುಕೊಳ್ಳೋಣ. ಒಬ್ಬರಿದ್ದಾರಲ್ಲ ಸಾಕು ಎನ್ನುವ ಹಾಗಿಲ್ಲ. ಮುಂದಿನ ಕೌನ್ಸೆಲಿಂಗ್‌ನಲ್ಲಿ ಅವರಿಗೆ ವರ್ಗವಾದರೆ ತಂತ್ರಾಂಶವೂ ಅವರ ಹಿಂದೆಯೇ ಹೋಯಿತು. ಸರ್ಕಾರಿ ಶಾಲೆಯ ಮಟ್ಟಿಗೆ ಇದು ಕಂಪನಿ ಮುಚ್ಚುವುದಕ್ಕಿಂತ ಹತ್ತಿರದ ಅಪಾಯ. ಇಬ್ಬರೂ ಕಲಿತಿರಬೇಕು, ಮಾಡಿದ ಕಡತಗಳು ಶಾಲೆಯ ಕಂಪ್ಯೂಟರಿನಲ್ಲಿ ಅಧ್ಯಾಯವಾರು ಇರಬೇಕು, ಪ್ರತಿ ಕಡತಕ್ಕೂ ಅರ್ಧ ಪುಟದ ಬರಹ ಇರಬೇಕು.

ಇನ್ನು ಶಿಕ್ಷಕರ ಹೊತ್ತು. ಒಂದು ಅವಧಿಯ ಪಾಠವನ್ನು ಜಿಯೋಜಿಬ್ರಾದಲ್ಲಿ ಮೊದಲ ಸಲ ಸಿದ್ಧಪಡಿಸಲು ಎರಡು ಗಂಟೆ ಹಿಡಿದರೆ ಅಚ್ಚರಿಯಿಲ್ಲ. ಎರಡನೆಯ ವರ್ಷ ಅದು ಕಾಲು ಗಂಟೆಗೆ ಇಳಿಯುತ್ತದೆ, ಆದರೆ ಮೊದಲ ವರ್ಷ ದಾಟಬೇಕಲ್ಲ. ಸ್ಯಾಟ್ಸ್‌ಗೆ ಮಾಹಿತಿ ತುಂಬುವುದು, ಬಿಸಿಯೂಟದ ಲೆಕ್ಕ, ರಜೆ ಹಾಕಿದವರ ತರಗತಿ ನೋಡಿಕೊಳ್ಳುವುದು, ಇವೆಲ್ಲದರ ನಡುವೆ ಈ ಎರಡು ಗಂಟೆ ಎಲ್ಲಿಂದ ಬರಬೇಕು? ಯಾವ ಕೊಟೇಶನ್ನಿನಲ್ಲೂ ಈ ಸಾಲು ಇರುವುದಿಲ್ಲ. ತಂತ್ರಾಂಶಗಳು ಮೂಲೆ ಸೇರಲು ಬಹಳ ಸಲ ಇದೇ ಕಾರಣ. ಆದ್ದರಿಂದ ಹೆಡ್‌ಮಾಸ್ಟರು ಯಾವ ಕೆಲಸವನ್ನು ಶಿಕ್ಷಕರ ತಲೆಯಿಂದ ಇಳಿಸುತ್ತಾರೆ ಎಂಬುದು ಟಿಪ್ಪಣಿಯಲ್ಲಿ ಬರಹದಲ್ಲೇ ಇರಬೇಕು.

ಮೂರೂ ಭಾಗ ಮುಗಿದ ಮೇಲೆ ಅಂಕ ಹಾಕುವ ಹಂತ. ನನ್ನ ತಕರಾರು ಇರುವುದು ಇಲ್ಲೇ. ರೂಢಿಯ ಪ್ರಕಾರ ಖರ್ಚಿಗೆ ನೂರಕ್ಕೆ 30, ಹೊಂದಿಕೆಗೆ 40, ಸಿದ್ಧತೆಗೆ 30 ತೂಕ ಇಟ್ಟು, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ಕೂಡುತ್ತಾರೆ. ಜಿಯೋಜಿಬ್ರಾಕ್ಕೆ ಖರ್ಚಿನಲ್ಲಿ 9, ಹೊಂದಿಕೆಯಲ್ಲಿ 7, ಸಿದ್ಧತೆಯಲ್ಲಿ 3 ಕೊಟ್ಟರೆ ಒಟ್ಟು 6.4. ಆ್ಯಪ್‌ಗೆ 4, 6, 6 ಕೊಟ್ಟರೆ 5.4. ಜಿಯೋಜಿಬ್ರಾ ಗೆದ್ದಿತು, ಟಿಪ್ಪಣಿಗೆ ಸಹಿ ಬಿತ್ತು. ಆದರೆ ಸಿದ್ಧತೆಯ ಆ ಮೂರನ್ನು ಖರ್ಚಿನ ಒಂಬತ್ತು ಮುಚ್ಚಿಹಾಕಿದ್ದನ್ನು ಯಾರೂ ಗಮನಿಸಲಿಲ್ಲ. ಕಲಿಸುವವರಿಗೆ ಬಾರದ ತಂತ್ರಾಂಶ ಎಷ್ಟೇ ಅಗ್ಗವಾದರೂ ಪ್ರಯೋಜನವಿಲ್ಲ; ಅಗ್ಗದ ಬೆಲೆಯಿಂದ ಆ ಕೊರತೆ ತುಂಬುವುದೂ ಇಲ್ಲ. ಪರೀಕ್ಷೆಯಲ್ಲಿ ಕನ್ನಡಕ್ಕೆ ತೊಂಬತ್ತು ಬಂತೆಂದು ಗಣಿತದ ಇಪ್ಪತ್ತನ್ನು ಪಾಸು ಮಾಡುತ್ತೇವೆಯೆ? ಇಲ್ಲಿಯೂ ಪ್ರತಿ ಭಾಗಕ್ಕೆ ಒಂದು ಕನಿಷ್ಠ ಅಂಕ ಬೇಕು. ಅದು 5 ಎಂದಿಟ್ಟರೆ ಆ್ಯಪ್ ಖರ್ಚಿನಲ್ಲಿ ಬೀಳುತ್ತದೆ, ಜಿಯೋಜಿಬ್ರಾ ಸಿದ್ಧತೆಯಲ್ಲಿ ಬೀಳುತ್ತದೆ. ಎರಡೂ ಇವತ್ತಿಗೆ ನಪಾಸು.

ಹಾಗಾದರೆ ಶಿಫಾರಸು? ಎರಡರಲ್ಲಿ ಯಾವ ಕೊರತೆಯನ್ನು ಶಾಲೆ ತನ್ನ ಕೈಯಿಂದ ತುಂಬಬಲ್ಲದು ಎಂದು ನೋಡಬೇಕು. ಆ್ಯಪ್‌ನ ದರ ಇಳಿಸುವುದು ಕಂಪನಿಯ ಕೈಯಲ್ಲಿದೆ. ಸರ್‌ಗೆ ಜಿಯೋಜಿಬ್ರಾ ಕಲಿಸುವುದು ಮೇಡಂ ಕೈಯಲ್ಲಿದೆ. ಆದ್ದರಿಂದ ಟಿಪ್ಪಣಿ ಷರತ್ತಿನ ಒಪ್ಪಿಗೆ ಕೊಡುತ್ತದೆ. ಪೂರ್ತಿ 90,000 ಈಗಲೇ ಬೇಡ. ಪ್ರೊಜೆಕ್ಟರಿನ ಬಲ್ಬು, ತರಬೇತಿ, ಕೇಬಲ್ಲು ಇತ್ಯಾದಿಗೆ 18,500 ಮಾತ್ರ ಬಿಡುಗಡೆ. ಬ್ಯಾಟರಿ, ಎಸ್‌ಎಸ್‌ಡಿ ಆಮೇಲೆ.

ಪ್ರಯೋಗಕ್ಕೆ ಹತ್ತನೆಯ ತರಗತಿ ಬೇಡ, ಪಬ್ಲಿಕ್ ಪರೀಕ್ಷೆಯ ಮಕ್ಕಳ ಮೇಲೆ ಪ್ರಯೋಗ ಸಲ್ಲ. ಒಂಬತ್ತನೆಯ ತರಗತಿಯ ತ್ರಿಭುಜಗಳು ಮತ್ತು ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳು, ಈ ಎರಡು ಅಧ್ಯಾಯ. ಆಗಸ್ಟಿನಿಂದ ಸೆಪ್ಟೆಂಬರ್ ಮಧ್ಯದವರೆಗೆ ಆರು ವಾರ, ಎಂಟು ಅವಧಿ. ಇಬ್ಬರು ಶಿಕ್ಷಕರು ತಲಾ ನಾಲ್ಕು ಪಾಠ ಸಿದ್ಧಪಡಿಸಬೇಕು, ಅಂದರೆ ತಲಾ ಎಂಟು ಗಂಟೆ. ವಾರಕ್ಕೆ ಎರಡು ಅವಧಿಯಂತೆ ಅವರಿಬ್ಬರನ್ನು ಬೇರೆಯವರ ತರಗತಿ ನೋಡಿಕೊಳ್ಳುವ ಕೆಲಸದಿಂದ ಬಿಡಿಸಿದರೆ ಆರು ವಾರಕ್ಕೆ ಸರಿಯಾಗಿ ಎಂಟು ಗಂಟೆ ಸಿಗುತ್ತದೆ. ಎ ವಿಭಾಗಕ್ಕೆ ಜಿಯೋಜಿಬ್ರಾ, ಬಿ ವಿಭಾಗಕ್ಕೆ ಎಂದಿನ ಪಾಠ, ಎರಡಕ್ಕೂ ಮೊದಲೂ ಆಮೇಲೂ ನಕ್ಷೆ, ಆಕೃತಿಗಳ ಮೇಲೆ ಅದೇ ಐದು ಪ್ರಶ್ನೆ. ಪ್ರಯೋಗ ಮುಗಿದ ಮೇಲೆ ಬಿ ವಿಭಾಗಕ್ಕೂ ಆ ಪಾಠ ತೋರಿಸಬೇಕು. 35 ಮಕ್ಕಳ ಎರಡು ವಿಭಾಗಗಳ ಅಂಕಗಳಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ವಿಭಾಗಗಳ ನಡುವೆ ಮೊದಲಿನಿಂದಲೂ ಅಂತರ ಇರುತ್ತದೆ. ಹಾಗಾಗಿ ಅಂಕಕ್ಕಿಂತ ನಂಬಲರ್ಹವಾದ ಸಂಖ್ಯೆ ಇನ್ನೊಂದಿದೆ: ಯೋಜಿಸಿದ ಎಂಟು ಅವಧಿಗಳಲ್ಲಿ ನಿಜವಾಗಿ ನಡೆದದ್ದೆಷ್ಟು? ಆರಕ್ಕಿಂತ ಕಡಿಮೆ ನಡೆದಿದ್ದರೆ ಏಕೆಂದು ಕೇಳಿ ಬರೆದುಕೊಳ್ಳಬೇಕು. "ಕರೆಂಟು ಇರಲಿಲ್ಲ" ಎಂದಾದರೆ ಬ್ಯಾಟರಿ ಮೊದಲು ಬರಬೇಕು. "ಹೊತ್ತು ಸಿಗಲಿಲ್ಲ" ಎಂದಾದರೆ ಎಷ್ಟು ಬ್ಯಾಟರಿ ತಂದರೂ ಫಲವಿಲ್ಲ. ಮಕ್ಕಳಿಗೆ ಇಷ್ಟವಾಯಿತೆ ಎಂದು ಕೇಳುವುದು ಬೇಡ. ಪ್ರೊಜೆಕ್ಟರ್ ಹಚ್ಚಿದ ಯಾವ ಪಾಠವೂ ಮಕ್ಕಳಿಗೆ ಇಷ್ಟವೇ.

ಟಿಪ್ಪಣಿಯ ಕೊನೆಯ ಪ್ಯಾರಾ ಹೀಗಿರಬಹುದು: "ಎಂಟರಲ್ಲಿ ಕನಿಷ್ಠ ಆರು ಅವಧಿ ನಡೆದು, ಇಬ್ಬರೂ ಶಿಕ್ಷಕರು ಲಂಬಕೋನ ತ್ರಿಭುಜದ ಪರೀಕ್ಷೆ ದಾಟಿ, ಎ ವಿಭಾಗದ ಮಕ್ಕಳು ನಕ್ಷೆಯ ಪ್ರಶ್ನೆಗಳಲ್ಲಿ ಹಿಂದೆ ಬೀಳದಿದ್ದರೆ ಉಳಿದ ಮೊತ್ತವನ್ನು ಬಿಡುಗಡೆ ಮಾಡಬಹುದು. ಇಲ್ಲವಾದರೆ ಈ ವರ್ಷ ಮುಂದುವರಿಸುವುದು ಬೇಡ. ಕಡತವನ್ನು ನವೆಂಬರ್ ಎರಡನೆಯ ವಾರದ ಸಭೆಗೆ ಮರಳಿ ಮಂಡಿಸತಕ್ಕದ್ದು." ನಿಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿ ನೀವಿದ್ದು ಮುಂದಿನ ಸಲ ಯಾರಾದರೂ ಕೊಟೇಶನ್ ಮುಂದಿಟ್ಟರೆ, ರೇಟು ಇಳಿಸುವ ಮಾತಿಗೆ ಮೊದಲು ಈ ಪ್ಯಾರಾ ಎಲ್ಲಿದೆ ಎಂದು ಕೇಳಿ.